ಬೆದರಿಕೆಯ ಫೋನಿಗೆ ಬರಹದ ಉತ್ತರ

ದಾವಣಗೆರೆಯ ಒಬ್ಬ ಟೈಲರ್ ಮಹಿಳೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ 1,20,000 ರೂಪಾಯಿ ಪರ್ಸನಲ್ ಲೋನ್ ತೆಗೆದಿದ್ದಾರೆ, ಮೂರು ಕಂತು ಬಾಕಿ ಬಿದ್ದಿದೆ. ಬೆಳಿಗ್ಗೆ 6.40ಕ್ಕೆ ಫೋನು: "ಇವತ್ತು ಸಂಜೆಯೊಳಗೆ ಕಟ್ತೀರೋ, ಇಲ್ಲ ವಾರಂಟ್ ತಗೊಂಡು ಪೊಲೀಸ್ನೋರು ಬರ್ಲೋ?" ರಾತ್ರಿ 9.15ಕ್ಕೆ ಅದೇ ದನಿ, ನಂಬರ್ ಮಾತ್ರ ಬೇರೆ. ಮರುದಿನ ಹರಿಹರದಲ್ಲಿರುವ ನಾದಿನಿಗೂ ಕರೆ ಹೋಗಿ, ಸಾಲದ ವಿಷಯ ನೆಂಟರಿಷ್ಟರಲ್ಲೆಲ್ಲ ಹರಡಿತು.

ಇಂಥ ಹೊತ್ತಿನಲ್ಲಿ ತಿಳಿದವರೊಬ್ಬರು ಹೇಳುವ ಮಾತು ಒಂದಿದೆ: "ಇನ್ನು ಫೋನ್ ಮಾಡಬೇಡಿ, ಏನಿದ್ದರೂ ಬರಹದಲ್ಲಿ ತಿಳಿಸಿ ಅಂತ ಒಂದು ನೋಟಿಸ್ ಕೊಟ್ಟುಬಿಡಿ." ಸಲಹೆ ಒಳ್ಳೆಯದೇ, ಆದರೆ ಅದರ ಮೂಲ ಅಮೆರಿಕದ್ದು. ಅಲ್ಲಿ 1977ರ ಕಾಯ್ದೆಯೊಂದರ ಪ್ರಕಾರ ಸಾಲಗಾರ ಬರಹದಲ್ಲಿ ಬೇಡವೆಂದರೆ ವಸೂಲಿ ಸಂಸ್ಥೆ ಸಂಪರ್ಕವನ್ನೇ ನಿಲ್ಲಿಸಬೇಕು. ಮುಂದೇನು ಕ್ರಮವೆಂದು ತಿಳಿಸುವಂಥ ಒಂದೆರಡು ಕಾರಣಗಳಿಗಷ್ಟೇ ವಿನಾಯಿತಿ. ಭಾರತದಲ್ಲಿ ಅಂಥ ಕಾಯ್ದೆಯಿಲ್ಲ. ಬಾಕಿ ಕೇಳಲು ಹಗಲು ಹೊತ್ತಿನಲ್ಲಿ ಮರ್ಯಾದೆಯಿಂದ ಮಾಡಿದ ಕರೆ ಇಲ್ಲಿ ತಪ್ಪಲ್ಲ. ಅಮೆರಿಕದ ಮಾದರಿಯನ್ನು ಹಾಗೇ ಕನ್ನಡಕ್ಕಿಳಿಸಿ ಕಳಿಸಿದರೆ ಬ್ಯಾಂಕಿನವರು ಅದನ್ನು ಫೈಲಿಗೆ ಸೇರಿಸಿ ಸುಮ್ಮನಾಗಬಹುದು.

ಹಾಗಾದರೆ ನೋಟಿಸಿನ ಬಲ ಎಲ್ಲಿದೆ? ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಅದು ಸಾಲ ಕೊಟ್ಟ ಸಂಸ್ಥೆಗಳಿಗೆ ಖಡಕ್ಕಾಗಿ ಹೇಳಿತು: ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು. ಬೆದರಿಸುವುದು, ಪದೇ ಪದೇ ಕರೆ ಮಾಡಿ ಪೀಡಿಸುವುದು, ಹೆಸರು ಹೇಳದೆ ಕರೆ ಮಾಡುವುದು, ಸುಳ್ಳು ಹೇಳಿ ಹೆದರಿಸುವುದು, ಮನೆಯವರು ಗೆಳೆಯರನ್ನು ಎಳೆದು ತಂದು ಮಾನ ಕಳೆಯುವುದು, ಇವೆಲ್ಲ ನಿಷಿದ್ಧ. ಕಿರುಸಾಲವಾದರೆ ಕರೆಯ ಹೊತ್ತು ಇನ್ನೂ ಬಿಗಿ, 9ರಿಂದ 6. ಟೈಲರ್ ಪ್ರಕರಣದ ಮೂರು ಕರೆಗಳಲ್ಲಿ ಎರಡು ಹೊತ್ತು ಮೀರಿದವು, ಒಂದು ನೆಂಟರಿಗೆ ಹೋದದ್ದು. "ವಾರಂಟ್" ಅಂತೂ ಶುದ್ಧ ಸುಳ್ಳು. ಕಂತು ಕಟ್ಟದ್ದು ಸಿವಿಲ್ ವಿಷಯ, ಅದೊಂದೇ ಕಾರಣಕ್ಕೆ ಪೊಲೀಸರು ಯಾರನ್ನೂ ಹಿಡಿದೊಯ್ಯುವಂತಿಲ್ಲ.

ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ ಎಂಬುದು ಈ ನಿಯಮಗಳ ಬುಡ. 2022ರಲ್ಲಿ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ ಟ್ರ್ಯಾಕ್ಟರ್ ಜಪ್ತಿಗೆ ಬಂದವರ ಗಲಾಟೆಯಲ್ಲಿ ಗರ್ಭಿಣಿಯೊಬ್ಬರು ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತಾಗ, ರಿಸರ್ವ್ ಬ್ಯಾಂಕ್ ಕೈ ಹಾಕಿದ್ದು ಸಾಲ ಕೊಟ್ಟ ದೊಡ್ಡ ಹಣಕಾಸು ಕಂಪನಿಯ ಮೇಲೆಯೇ. ಹೊರಗಿನ ಏಜೆನ್ಸಿಗಳ ಮೂಲಕ ವಸೂಲಿ ಮಾಡುವುದನ್ನೇ ಆ ಕಂಪನಿಗೆ ಕೆಲವು ತಿಂಗಳು ನಿಷೇಧಿಸಿತು. ಹೀಗಾಗಿ ನೋಟಿಸನ್ನು "ಏಜೆಂಟ್ ಅಣ್ಣ"ನ ವಾಟ್ಸ್ಆ್ಯಪ್‌ಗೆ ಕಳಿಸಿದರೆ ಸಾಲದು. ಆತ ಹೇಳಿದ ಹೆಸರು ನಿಜವೋ ಸುಳ್ಳೋ ಯಾರಿಗೆ ಗೊತ್ತು! ಪತ್ರ ಹೋಗಬೇಕಾದ್ದು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ. ಏಜೆನ್ಸಿಯ ಹೆಸರು, ವಿಳಾಸ ಗೊತ್ತಿದ್ದರೆ ಅಲ್ಲಿಗೊಂದು ಪ್ರತಿ.

ಟೈಲರ್ ಬರೆಯಬಹುದಾದ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ:

"ವಿಷಯ: ಸಾಲ ಖಾತೆ ಸಂಖ್ಯೆ ... ವಸೂಲಾತಿ ಏಜೆಂಟರ ಬೆದರಿಕೆ ಕರೆಗಳ ಬಗ್ಗೆ ದೂರು. ದಿನಾಂಕ ... ಬೆಳಿಗ್ಗೆ 6.40 ಮತ್ತು ರಾತ್ರಿ 9.15ಕ್ಕೆ ... ಸಂಖ್ಯೆಗಳಿಂದ ಕರೆ ಮಾಡಿದವರು ವಾರಂಟ್ ತರುವುದಾಗಿ ಬೆದರಿಸಿದ್ದಾರೆ. ದಿನಾಂಕ ... ನನ್ನ ನಾದಿನಿಗೂ ಕರೆ ಮಾಡಿದ್ದಾರೆ. ಇದು ರಿಸರ್ವ್ ಬ್ಯಾಂಕಿನ ನಿಯಮಗಳ ಉಲ್ಲಂಘನೆ. ಇನ್ನು ಮುಂದೆ ಈ ಖಾತೆಯ ಕುರಿತು ನನ್ನೊಂದಿಗಿನ ವ್ಯವಹಾರ ಮೇಲಿನ ವಿಳಾಸಕ್ಕೆ ಅಂಚೆಯಲ್ಲಿ ಅಥವಾ ಇಮೇಲಿನಲ್ಲಿ ಮಾತ್ರ ನಡೆಯಲಿ. ನನ್ನ ಮನೆಯವರನ್ನು ಸಂಪರ್ಕಿಸಬೇಡಿ. ನನ್ನ ಖಾತೆ ವಹಿಸಿಕೊಂಡ ಏಜೆನ್ಸಿಯ ಹೆಸರು, ಅದಕ್ಕೆ ಕೊಟ್ಟ ಅಧಿಕಾರಪತ್ರದ ಪ್ರತಿ ಹಾಗೂ ಇಂದಿನವರೆಗಿನ ಖಾತೆ ವಿವರ ಕಳಿಸಿ. ಕರೆಗಳ ರೆಕಾರ್ಡಿಂಗ್ ಕಾಯ್ದಿರಿಸಿ. ಈ ದೂರು ಇತ್ಯರ್ಥವಾಗುವ ತನಕ ಖಾತೆಯನ್ನು ಏಜೆಂಟರಿಗೆ ವಹಿಸಬೇಡಿ."

ಕೊನೆಯ ಸಾಲನ್ನು ಸುಮ್ಮನೆ ಸೇರಿಸಿದ್ದಲ್ಲ. ಗ್ರಾಹಕರ ದೂರು ಬಾಕಿಯಿರುವಾಗ, ಅದು ತೀರ್ಮಾನವಾಗುವ ತನಕ ಬ್ಯಾಂಕು ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2008ರ ಏಪ್ರಿಲ್‌ನಲ್ಲೇ ಹೇಳಿತ್ತು. ಸುಳ್ಳುಪೊಳ್ಳು ದೂರು ಕೊಡುತ್ತಲೇ ಇರುವವರಿಗೆ ಈ ರಕ್ಷಣೆ ಇಲ್ಲ. ಆದ್ದರಿಂದಲೇ ದಿನಾಂಕ, ಹೊತ್ತು, ನಂಬರ್ ಬೇಕು. "ತುಂಬಾ ಹಿಂಸೆ ಕೊಡುತ್ತಿದ್ದಾರೆ" ಎಂಬ ಒಂದೇ ಸಾಲಿನ ಗೋಳಿನಲ್ಲಿ ತನಿಖೆ ಮಾಡಲು ಏನೂ ಇರುವುದಿಲ್ಲ.

ಪತ್ರದಲ್ಲಿ ಏನು ಬರೆಯಬಾರದು ಎಂಬುದೂ ಅಷ್ಟೇ ಮುಖ್ಯ. ಭಯದಲ್ಲಿ ಹಲವರು "ನಾನು ಇಷ್ಟು ಬಾಕಿ ಕೊಡಬೇಕಿರುವುದು ನಿಜ, ಖಂಡಿತ ತೀರಿಸುತ್ತೇನೆ" ಎಂದು ಬರೆದು ಸಹಿ ಹಾಕುತ್ತಾರೆ. ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಅವಧಿ ಮುಗಿಯುವ ಮುನ್ನ ಸಹಿ ಮಾಡಿದ ಇಂಥ ಒಪ್ಪಿಗೆ, ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ, ಮೂರು ವರ್ಷದ ಲೆಕ್ಕವನ್ನು ಹೊಸದಾಗಿ ಶುರು ಮಾಡುತ್ತದೆ. ಅವಧಿ ಮುಗಿದ ಹಳೆಯ ಸಾಲವನ್ನೂ ತೀರಿಸುತ್ತೇನೆಂದು ಬರೆದುಕೊಟ್ಟರೆ ಅದು ಹೊಸ ಕರಾರಾಗಬಹುದು. ಟೈಲರ್‌ಗೆ ಮೂರು ಕಂತಷ್ಟೇ ಬಾಕಿ, ಅವರಿಗೆ ಈ ಚಿಂತೆ ಸದ್ಯಕ್ಕಿಲ್ಲ. ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಗೆ ಇದ್ದಕ್ಕಿದ್ದಂತೆ ಫೋನ್ ಬಂದವರು ಮಾತ್ರ ಪೆನ್ನು ಹಿಡಿಯುವ ಮೊದಲು ವಕೀಲರನ್ನು ಕೇಳುವುದು ಒಳಿತು.

ಇಮೇಲ್ ಕಳಿಸಿದರೂ ಅಂಚೆಯಲ್ಲೊಂದು ಪ್ರತಿ ಹೋಗಲಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಕೌಂಟರಿನಲ್ಲಿ ತಲುಪಿದ ಪುರಾವೆಯನ್ನೂ ಕೇಳಿ ಪಡೆಯಬೇಕು. ರಸೀದಿ, ಪತ್ರದ ನಕಲು, ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಒಂದೇ ಕವರಿನಲ್ಲಿರಲಿ. ಬೆದರಿಕೆಯ ರೆಕಾರ್ಡಿಂಗ್ ಇದ್ದರೆ ಅದನ್ನು ಬೇರೆಡೆ ಕಳಿಸಿ ಮೂಲ ಅಳಿಸಬಾರದು. ಮುಂದೆ ಕೋರ್ಟಿನಲ್ಲಿ ರೆಕಾರ್ಡಿಂಗ್ ಇರುವ ಆ ಫೋನೇ ಬೇಕಾಗಬಹುದು.

ಬ್ಯಾಂಕು 30 ದಿನ ಉತ್ತರಿಸದಿದ್ದರೆ ಅಥವಾ ಹಾರಿಕೆಯ ಉತ್ತರ ಕೊಟ್ಟರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ನಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಬ್ಯಾಂಕಿಗೆ ಮೊದಲು ಬರೆಯದೆ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಅಂದರೆ ಆ ನೋಟಿಸೇ ಮುಂದಿನ ಬಾಗಿಲಿನ ಕೀಲಿಕೈ. ಕೈಕಾಲು ಮುರಿಯುತ್ತೇವೆ ಎಂಬಂಥ ಮಾತು ಬಂದರೆ 30 ದಿನ ಕಾಯುವ ಪ್ರಶ್ನೆಯೇ ಇಲ್ಲ. ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಅಪರಾಧ, ಅಂದೇ ಠಾಣೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಇಷ್ಟೆಲ್ಲ ಮಾಡಿದರೂ ಬಡ್ಡಿ ಬೆಳೆಯುವುದು ನಿಲ್ಲದು, ಸಿಬಿಲ್ ಸ್ಕೋರ್ ಕುಸಿಯುವುದೂ ನಿಲ್ಲದು. ಏಜೆಂಟನ ಬಾಯಿ ಮುಚ್ಚಿದ ಬ್ಯಾಂಕು ಈಗ ನಿಜವಾಗಿಯೂ ಬರಹದ ದಾರಿ ಹಿಡಿಯಬಹುದು. ಹಲವರು ಎಡವುವುದು ಇಲ್ಲೇ: ಫೋನು ನಿಂತಿತೆಂದು ನಿರಾಳವಾಗಿ, ಬಂದ ಲಕೋಟೆಯನ್ನು ಒಡೆಯದೆ ಬೀರುವಿನ ಮೇಲಿಡುತ್ತಾರೆ. ಸಾಲಕ್ಕೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ, ನೋಟಿಸ್ ಕೈಗೆ ಬಂದ 15 ದಿನದೊಳಗೆ ಹಣ ಕಟ್ಟದಿದ್ದರೆ ಕ್ರಿಮಿನಲ್ ಕೇಸಿಗೆ ದಾರಿಯಾಗುತ್ತದೆ. ಸಂಕ್ಷಿಪ್ತ ದಾವೆಯ ಸಮನ್ಸ್ ಆದರೆ ಕೋರ್ಟಿನಲ್ಲಿ ಹಾಜರಾತಿ ದಾಖಲಿಸಲು ಇರುವುದು 10 ದಿನ. ಬೀರುವಿನ ಮೇಲಿನ ಲಕೋಟೆಯೊಳಗೆ ಆ ದಿನಗಳು ಒಂದೊಂದಾಗಿ ಕಳೆಯುತ್ತಿರುತ್ತವೆ.