ಪುಟ್ಟನಿಗೆ ಫೋನ್ ಕೀ, ವ್ಯಾಲೆಟ್‌ಗೆ ಕಾರ್ಡ್

ನಮ್ಮ ದೊಡ್ಡಮ್ಮನ ಮಗಳು ಸ್ಯಾನ್ ಹೋಸೆಯಲ್ಲಿದ್ದಾಳೆ. ಅವಳದ್ದು ಟೆಸ್ಲಾ ಮಾಡೆಲ್ ವೈ ಕಾರು. ಅವಳ ತಮ್ಮ ಶನಿವಾರ ಆ ಕಾರಲ್ಲಿ ಅಪ್ಪ-ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಮದುವೆಗೆ ಕರ್ಕೊಂಡು ಹೋಗ್ಬೇಕು. ಆ ಹೋಟೆಲ್‌ನಲ್ಲಿ ಕಾರನ್ನು ವ್ಯಾಲೆಟ್ ಹುಡುಗರ ಕೈಗೇ ಕೊಡ್ಬೇಕು. ಮನೆ ಗ್ರೂಪ್‌ಗೆ ಅಕ್ಕ ಹಾಕಿದ ಮೆಸೇಜ್ ಇದು:

> ಪುಟ್ಟ, ಆ್ಯಪ್‌ನ Security & Drivers ಒಳಗಿರೋ Add Driver ಇಂದ ನಿಂಗೆ ಲಿಂಕ್ ಕಳಿಸಿದೀನಿ. ಒಂದೇ ಸಲ ಕೆಲಸ ಮಾಡತ್ತೆ, 24 ಗಂಟೆಯೊಳಗೆ ಒತ್ತು. ನಿನ್ನ ಅಕೌಂಟಲ್ಲೇ ಲಾಗಿನ್ ಆಗಿ, ಬ್ಲೂಟೂತ್ ಆನ್ ಮಾಡಿ, ಕಾರಿನ ಹತ್ರ ನಿಂತು ಫೋನ್ ಕೀ ಸೆಟ್ ಮಾಡ್ಕೋ. ವ್ಯಾಲೆಟ್‌ಗೆ ಲಿಂಕೂ ಬೇಡ, ನಿನ್ನ ಫೋನೂ ಬೇಡ. ಹೋಟೆಲ್ ಮುಂದೆ ಕಾರನ್ನು ಪಾರ್ಕ್‌ಗೆ ಹಾಕಿ, ಸ್ಕ್ರೀನಲ್ಲಿ ನಿನ್ನ ಪ್ರೊಫೈಲ್ ಒತ್ತಿ Valet Mode ಆನ್ ಮಾಡು, ಆಮೇಲೆ ಕಾರ್ಡ್ ಕೊಡು. ಮೊದಲ ಸಲ 4 ಅಂಕಿಯ ಪಿನ್ ಕೇಳತ್ತೆ. ಅದನ್ನ ಯಾರಿಗೂ ಹೇಳ್ಬೇಡ, ಆಫ್ ಮಾಡೋಕೆ ಬೇಕು. ಅಮ್ಮನ ಬ್ಯಾಗ್ ಮುಂದಿನ ಡಿಕ್ಕಿಲಿಡು, ಹಿಂದೆ ಬೇಡ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಗಮನಿಸಿ. ಮೊದಲನೆಯದು ಕೀ ಕೊಡೋದು. ಅಕ್ಕನ ಕೀಯ ನಕಲು ಪುಟ್ಟನಿಗೆ ಹೋಗೋದಿಲ್ಲ. ಅವನ ಫೋನ್ ತನ್ನದೇ ಒಂದು ಕೀ ಜೋಡಿಯನ್ನು ತಯಾರಿಸುತ್ತದೆ. ಗುಟ್ಟಿನ ಅರ್ಧ ಫೋನಲ್ಲೇ ಉಳಿಯುತ್ತದೆ, ಇನ್ನರ್ಧವನ್ನು ಕಾರು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ನಾಳೆ ಪುಟ್ಟನ ಹೆಸರು ಅಳಿಸಿದರೂ ಅಕ್ಕನ ಕೀಗೆ ಏನೂ ಆಗಲ್ಲ.

ಎರಡನೆಯದು ಮಿತಿ ಹಾಕೋದು. ಈ ಮಿತಿ ಇರೋದು ಕಾರ್ಡಿನಲ್ಲಲ್ಲ, ಕಾರಿನಲ್ಲಿ. ಕಾರ್ಡ್ ಯಾವಾಗಲೂ ಪೂರ್ತಿ ಕೀ. Valet Mode ಆನ್ ಮಾಡದೆ ಕಾರ್ಡ್ ಕೊಟ್ಟರೆ ಇಡೀ ಕಾರನ್ನೇ ಕೊಟ್ಟ ಹಾಗೆ. ಆನ್ ಇದ್ದಾಗ ವೇಗ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿ.ಮೀ. ದಾಟೋದಿಲ್ಲ, ಪಿಕಪ್ ಕೂಡ ಕಡಿಮೆ ಆಗುತ್ತದೆ. ಮುಂದಿನ ಡಿಕ್ಕಿ, ಗ್ಲೋವ್ ಬಾಕ್ಸ್ ಎರಡಕ್ಕೂ ಬೀಗ ಬೀಳುತ್ತದೆ. ಮ್ಯಾಪ್‌ನಲ್ಲಿ ಮನೆ, ಆಫೀಸಿನ ವಿಳಾಸ ಸಿಗಲ್ಲ. ಬ್ಲೂಟೂತ್ ಆಫ್ ಆಗೋದರಿಂದ ಯಾರೂ ಹೊಸ ಫೋನನ್ನು ಅದಕ್ಕೆ ಜೋಡಿಸೋಕಾಗಲ್ಲ. ಈ ಬೀಗ ಹಿಂದಿನ ಡಿಕ್ಕಿಗೆ ಇಲ್ಲ, ಅದಕ್ಕೇ ಬ್ಯಾಗ್ ಮುಂದೆ.

ಮಿತಿ ಕಾರಿನಲ್ಲೇ ಇರೋದರಿಂದ ವಾಪಸ್ ಬರುವಾಗ ಪುಟ್ಟನಿಗೂ ಅದು ಅನ್ವಯಿಸುತ್ತದೆ. ಕಾರು ಮಂದ ಅನ್ನಿಸಿ, ಮ್ಯಾಪ್‌ನಲ್ಲಿ ಮನೆ ಕಾಣದಿದ್ದರೆ ಪಿನ್ ಹಾಕೋದು ಬಾಕಿ ಇದೆ ಎಂದರ್ಥ.

ಕಾರ್ಡನ್ನು ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಬೇಕು. ಆಗ ಎಲ್ಲರ ಫೋನಿನ ಬ್ಲೂಟೂತ್ ಆಫ್ ಇರಲಿ. ಇಲ್ಲದಿದ್ದರೆ ಬಾಗಿಲು ತೆರೆದದ್ದು ಜೇಬಿನ ಫೋನಿಂದಲೋ ಕಾರ್ಡಿಂದಲೋ ಗೊತ್ತಾಗಲ್ಲ. ಬಾಗಿಲುಗಳ ನಡುವಿನ ಕಂಬಕ್ಕೆ ಕಾರ್ಡ್ ತಾಗಿಸಿದರೆ ಲಾಕ್ ತೆರೆಯುತ್ತದೆ. ಇಳಿದು ಹೋಗುವಾಗಲೂ ಅಲ್ಲೇ ತಾಗಿಸಿ ಲಾಕ್ ಮಾಡಬೇಕು, ಯಾಕಂದ್ರೆ ಫೋನ್ ಕೀ ಥರ ದೂರ ಹೋದ ತಕ್ಷಣ ತಾನೇ ಲಾಕ್ ಆಗೋದು ಕಾರ್ಡ್‌ಗೆ ಇಲ್ಲ. ವ್ಯಾಲೆಟ್‌ಗೆ ಇದೊಂದು ಮಾತು ಹೇಳಲೇಬೇಕು.

ಕಾರ್ಡ್ ವಾಪಸ್ ಬರದಿದ್ದರೆ ಕಾರಿನ ಸ್ಕ್ರೀನಲ್ಲಿ Controls > Locks ತೆರೆದು, ಕೀಗಳ ಪಟ್ಟಿಯಲ್ಲಿ ಅದರ ಮುಂದಿನ ಕಸದ ಬುಟ್ಟಿ ಒತ್ತಬೇಕು. ಖಚಿತಪಡಿಸೋಕೆ ಕಾರು ಇನ್ನೊಂದು ಸರಿಯಾದ ಕೀ ಕೇಳುತ್ತದೆ. ಹಾಗಾಗಿ ಎರಡನೇ ಕಾರ್ಡ್ ಪುಟ್ಟನ ಪರ್ಸಿನಲ್ಲಿರಬೇಕು.