ಬಗ್ ಎಷ್ಟು ದೊಡ್ಡದು, ಎಷ್ಟು ತುರ್ತಿನದು?

ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆರು ಜನರ ತಂಡವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 200 ಡೇರಿಗಳಲ್ಲಿ ಇವರ ಆ್ಯಪ್ ನಡೆಯುತ್ತಿದೆ. ಬೆಳಿಗ್ಗೆ, ಸಂಜೆ ರೈತರು ಹಾಲು ಹಾಕುತ್ತಾರೆ. ಕಾರ್ಯದರ್ಶಿ ಲೀಟರು, ಫ್ಯಾಟ್, ಎಸ್‌ಎನ್‌ಎಫ್ ನಮೂದಿಸುತ್ತಾರೆ. ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗುತ್ತದೆ. ಹೊಸ ಆವೃತ್ತಿ ಬಿಟ್ಟ ಮೇಲಿನ ಸೋಮವಾರ ನೋಡಿದರೆ 18 ದೂರುಗಳು ಬಂದು ಕೂತಿವೆ. ಶುಕ್ರವಾರ ಬಟವಾಡೆ. ಮೊದಲು ಯಾವುದನ್ನು ಮುಟ್ಟಬೇಕು?

ಹೀಗೆ ದೂರುಗಳನ್ನು ವಿಂಗಡಿಸುವ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ. ಪ್ರತಿ ದೂರಿಗೂ ಎರಡು ಪ್ರಶ್ನೆ ಕೇಳಬೇಕು. ಈ ಬಗ್ ತಗುಲಿದವರಿಗೆ ಆಗುವ ಹಾನಿ ಎಷ್ಟು ಎಂಬುದು ತೀವ್ರತೆ. ನಾವು ಇದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಎಂಬುದು ಆದ್ಯತೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾದವರ ಬಗ್‌ಝಿಲ್ಲಾದಲ್ಲಿ ಇವೆರಡಕ್ಕೂ ಬೇರೆ ಬೇರೆ ಕಾಲಂ ಇವೆ: ತೀವ್ರತೆಗೆ S1ರಿಂದ S4, ಆದ್ಯತೆಗೆ P1ರಿಂದ P5. ಎರಡರಲ್ಲೂ 1 ಅಂದರೆ ಅತಿ ಹೆಚ್ಚು. ನಮ್ಮ ತಂಡಕ್ಕೆ ನಾಲ್ಕು ನಾಲ್ಕು ಹಂತ ಸಾಕು.

ಮೊದಲು ಕಸ ಗುಡಿಸಿ

ದಿನವೂ ಒಂದೇ ಹೊತ್ತಿಗೆ, ಮುಕ್ಕಾಲು ಗಂಟೆ ಮೀರದಂತೆ ಕೂರಿ. ಗಿಟ್‌ಹಬ್ ಬಳಸುವವರಾದರೆ ಇನ್ನೂ ಯಾರೂ ಕೈಯಿಡದ ದೂರುಗಳನ್ನು, ಹಳೆಯದು ಮೊದಲು ಬರುವಂತೆ, ಹೀಗೆ ಹುಡುಕಬಹುದು:

```
is:issue is:open no:label sort:created-asc
```

ಒಂದೊಂದನ್ನೂ ತೆರೆದು ಮೂರು ಸಂಗತಿ ನೋಡಿ: ಈ ದೂರು ಮೊದಲೇ ಬಂದಿದೆಯೇ, ಯಾವ ಆವೃತ್ತಿಯದು, ನಮ್ಮಲ್ಲೂ ಹಾಗೆಯೇ ಆಗುತ್ತದೆಯೇ. ‘ಸರಿಯಾಗಿ ಓಪನ್ ಆಗ್ತಿಲ್ಲ ಸರ್’ ಎಂದಷ್ಟೇ ಇದ್ದರೆ ಅಂಕಿ ಹಾಕಲು ಹೋಗಬೇಡಿ. ಯಾವ ಪರದೆ, ಯಾವ ಫೋನ್ ಎಂದು ಕೇಳಿ, ‘ಮಾಹಿತಿ ಬೇಕು’ ಎಂದು ಗುರುತಿಸಿ ಮುಂದೆ ಹೋಗಿ. ಒಂದು ದೂರಿಗೆ ಐದು ನಿಮಿಷ ದಾಟಬಾರದು. ಈ ಹೊತ್ತಿನಲ್ಲಿ ರಿಪೇರಿಗೆ ಕೈ ಹಾಕಲೇಬಾರದು. ‘ಇದೊಂದು ಸಾಲು ತಿದ್ದಿಬಿಡ್ತೀನಿ’ ಎಂದು ಕೂತು ಒಂದು ಮಧ್ಯಾಹ್ನ ಕಳೆದವನು ನಾನು. ಅಷ್ಟರಲ್ಲಿ ಪಟ್ಟಿಯ ಕೆಳಗಿದ್ದ ನಿಜವಾದ ಅಪಾಯವನ್ನು ಯಾರೂ ಓದಿರಲಿಲ್ಲ.

ಗುಡಿಸಿದ ಮೇಲೆ 18ರಲ್ಲಿ 9 ಉಳಿದವು ಎನ್ನಿ. ಅದರಲ್ಲಿ ಮೂರನ್ನು ಬಿಡಿಸಿ ನೋಡೋಣ.

ಸದ್ದಿಲ್ಲದ ತಪ್ಪು

ಮೊದಲನೆಯದು: ಒಬ್ಬ ರೈತರ ಹಾಲು ಎರಡು ಸಲ ದಾಖಲಾಗಿದೆ. ದೂರು ಕೊಟ್ಟವರು ಇಬ್ಬರೇ ಕಾರ್ಯದರ್ಶಿಗಳು. ಕಾರಣ ಹುಡುಕಿದರೆ, ನೆಟ್‌ವರ್ಕ್ ಕೈಕೊಟ್ಟಾಗ ದಾಖಲೆ ಸರ್ವರ್‌ಗೆ ತಲುಪಿದ್ದರೂ ಉತ್ತರ ಫೋನಿಗೆ ಬರುವುದಿಲ್ಲ. ಕಾರ್ಯದರ್ಶಿ ಮತ್ತೊಮ್ಮೆ ‘ಸೇವ್’ ಒತ್ತುತ್ತಾರೆ.

ಇಬ್ಬರೇ ದೂರಿದ್ದಾರೆ ಅಂದರೆ ಇಬ್ಬರಿಗೇ ಆಗಿದೆ ಅಂತಲ್ಲ. ಲೆಕ್ಕಕ್ಕೆ ಹೆಚ್ಚು ಹಾಲು ಬಿದ್ದ ರೈತರು ದೂರು ಹೇಳಿಕೊಂಡು ಬರುವುದು ಕಡಿಮೆ. ದೂರಿನ ಸಂಖ್ಯೆಯನ್ನು ನೆಚ್ಚದೆ ಡೇಟಾಬೇಸನ್ನೇ ಕೇಳಬೇಕು:

```sql
SELECT member_id, entry_date, shift, litres, COUNT(*)
FROM milk_entry
GROUP BY member_id, entry_date, shift, litres
HAVING COUNT(*) > 1;
```

ಇದರಲ್ಲಿ ಬಂದದ್ದೆಲ್ಲ ತಪ್ಪಲ್ಲ. ಕೆಲವರು ಎರಡು ಕ್ಯಾನ್ ತರುತ್ತಾರೆ, ಎರಡೂ ಐದೈದು ಲೀಟರ್ ಇರಬಹುದು. ಹಾಗಾಗಿ ಫ್ಯಾಟ್ ಕೂಡ ಒಂದೇ ಇದೆಯೇ, ಎರಡು ನಮೂದುಗಳ ನಡುವೆ ಒಂದು ನಿಮಿಷಕ್ಕಿಂತ ಕಡಿಮೆ ಅಂತರವಿದೆಯೇ ಎಂದು ಕಣ್ಣಲ್ಲಿ ನೋಡಿ ಸೋಸಬೇಕು. ಸೋಸಿದ ಮೇಲೆ 9 ಡೇರಿಗಳಲ್ಲಿ 31 ಜೋಡಿ ಸಿಕ್ಕವು ಅಂದುಕೊಳ್ಳಿ. ಲೆಕ್ಕ ತಪ್ಪುತ್ತಿದೆ, ಪರದೆಯ ಮೇಲೆ ಯಾವ ಸೂಚನೆಯೂ ಇಲ್ಲ, ತಪ್ಪಿಸಿಕೊಳ್ಳುವ ಅಡ್ಡದಾರಿಯೂ ಇಲ್ಲ. ತೀವ್ರತೆ S1. ಶುಕ್ರವಾರ ಬಟವಾಡೆಯಾದರೆ ಕೊಟ್ಟ ಹಣ ವಾಪಸ್ ಕೇಳಬೇಕಾಗುತ್ತದೆ; ಹಾಗಾಗಿ ಆದ್ಯತೆಯೂ P1.

ತೀವ್ರತೆ ಕಡಿಮೆ, ತುರ್ತು ಹೆಚ್ಚು

ಎರಡನೆಯದು ಎಸ್ಸೆಮ್ಮೆಸ್‌ನದು. ಹೊಸ ಆವೃತ್ತಿಯಲ್ಲಿ ಸಂದೇಶದ ಕೊನೆಗೆ ಒಂದು ಧನ್ಯವಾದದ ಸಾಲು ಸೇರಿಸಿದ್ದಾರೆ. ರೈತರಿಗೆ ಸಂದೇಶ ಸರಿಯಾಗಿಯೇ ತಲುಪುತ್ತಿದೆ, ಲೆಕ್ಕವೂ ಸರಿ. ಆದರೆ ಎಸ್ಸೆಮ್ಮೆಸ್ ಖರ್ಚು ಇದ್ದಕ್ಕಿದ್ದಂತೆ ಏರಿದೆ ಎಂದು ಲೆಕ್ಕಪತ್ರ ನೋಡುವವರು ಬರೆದಿದ್ದಾರೆ.

ಕನ್ನಡದ ಎಸ್ಸೆಮ್ಮೆಸ್ ಒಂದರಲ್ಲಿ 70 ಅಕ್ಷರಸಂಕೇತಗಳಿಗೆ ಮಾತ್ರ ಜಾಗ. 71 ಆದರೆ ಅದು ಎರಡು ಸಂದೇಶವಾಗಿ ಒಡೆಯುತ್ತದೆ, ಒಂದೊಂದರಲ್ಲಿ 67ರಂತೆ. ಎಣಿಕೆಯೂ ನಾವು ಎಣಿಸುವ ಹಾಗಿಲ್ಲ. ‘ಕ್ಷ’ ನಮಗೆ ಒಂದಕ್ಷರ. ಕಂಪ್ಯೂಟರಿಗೆ ಕ, ಹಲಂತ, ಷ ಎಂದು ಮೂರು. ‘ಸ್ತ್ರೀ’ ಎಂದರೆ ಆರು. ನೋಡಲು ಪುಟ್ಟದಾದ ಸಾಲು ಸಂದೇಶವನ್ನು 70ರ ಗಡಿ ದಾಟಿಸಿಬಿಟ್ಟಿದೆ. ಫೋನಿನಲ್ಲಿ ಎರಡು ತುಂಡೂ ಒಂದಾಗಿ ಕಾಣುವುದರಿಂದ ಪರೀಕ್ಷೆ ಮಾಡಿದವರಿಗೆ ಇದು ಗೊತ್ತಾಗಿಲ್ಲ.

ಬಳಸುವವರಿಗೆ ಹಾನಿ ಇಲ್ಲ, ಆದ್ದರಿಂದ S4. ಆದರೆ ಡೇರಿಗೆ ನೂರು ರೈತರೆಂದರೆ 200 ಡೇರಿಗೆ ಎರಡು ಹೊತ್ತು ಸೇರಿ ದಿನಕ್ಕೆ 40 ಸಾವಿರ ಸಂದೇಶ. ಈಗ 80 ಸಾವಿರದ ದುಡ್ಡು ಕಟ್ಟಬೇಕು. ಸರಿಪಡಿಸುವುದೂ ಸುಲಭ: ಹಳೆಯ ಸಂದೇಶದ ಮಾದರಿಗೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ಒಪ್ಪಿಗೆ ಇದೆ, ಅದಕ್ಕೆ ಮರಳಿದರೆ ಸಾಕು. ಆದ್ಯತೆ P1. ಇಲ್ಲಿ ತೀವ್ರತೆಯನ್ನೂ ಏರಿಸಿ ‘ಜೋರು’ ಮಾಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಹಣದ ಕಾರಣಕ್ಕೆ S1 ಬರೆದರೆ ಮುಂದೆ S1 ಕಂಡಾಗ ಲೆಕ್ಕ ಕೆಟ್ಟಿದೆಯೋ ಬಿಲ್ ಏರಿದೆಯೋ ತಿಳಿಯದು.

ದೊಡ್ಡದು, ಆದರೆ ಕಾಯಬಲ್ಲದು

ಮೂರನೆಯದು: ವಾರ್ಷಿಕ ವರದಿ ತೆರೆದರೆ ಆ್ಯಪ್ ಪೂರ್ತಿ ಬಂದ್ ಆಗುತ್ತದೆ. ನೋಡಲು ಭಯಂಕರ. ಇಡೀ ಸೌಲಭ್ಯವೇ ಸಿಗುತ್ತಿಲ್ಲವಾದ್ದರಿಂದ S2. ಆದರೆ ದಾಖಲೆ ಯಾವುದೂ ಕಳೆದಿಲ್ಲ, ತಿಂಗಳ ವರದಿಗಳನ್ನು ತೆಗೆದು ಕೂಡಿಸಿಕೊಳ್ಳಬಹುದು. ಈಗ ಆಗಸ್ಟ್ ಎಂದುಕೊಂಡರೆ ಆ ವರದಿ ಬೇಕಾಗುವುದು ಮಾರ್ಚ್ 31 ಕಳೆದು ಲೆಕ್ಕ ಮುಗಿಸುವಾಗ. P3 ಸಾಕು.

ತೀವ್ರತೆಯನ್ನು ಪರೀಕ್ಷೆ ಮಾಡುವವರು ಅಥವಾ ಕೋಡ್ ಬಲ್ಲವರು ಮೊದಲು ಬರೆಯಲಿ. ಆದ್ಯತೆಯನ್ನು ಡೇರಿಗಳ ಜೊತೆ ಮಾತಾಡುವವರು, ಬಟವಾಡೆಯ ದಿನ ಗೊತ್ತಿರುವವರು ಆಮೇಲೆ ಬರೆಯಲಿ. ಎರಡನ್ನೂ ಒಬ್ಬರೇ ತುಂಬಬೇಕಾದ ಸಣ್ಣ ತಂಡವಾದರೆ ಎಲ್ಲ ದೂರುಗಳ ತೀವ್ರತೆ ಮುಗಿಸಿ, ಎದ್ದು ಟೀ ಕುಡಿದು ಬಂದು ಆದ್ಯತೆಗೆ ಕೂರಲಿ. ಪ್ರತಿ ಅಂಕಿಯ ಪಕ್ಕದಲ್ಲಿ ಕಾರಣ ಒಂದು ಸಾಲು ಇರಲಿ:

```
S4 / P1  SMS 70 ದಾಟಿ ಎರಡಾಗುತ್ತಿದೆ; ದಿನವೂ ದುಪ್ಪಟ್ಟು ಖರ್ಚು
```

ಈ ಕ್ರಮ ದಾರಿ ತಪ್ಪಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ತಿಂಗಳಿಗೊಮ್ಮೆ ನಾಲ್ಕು ಅಡ್ಡ, ನಾಲ್ಕು ಉದ್ದದ ಚೌಕ ಬರೆದು ದೂರುಗಳನ್ನು ಅದರಲ್ಲಿ ಹಂಚಿ. S1 ಎಲ್ಲ P1 ಮನೆಯಲ್ಲಿ, S2 ಎಲ್ಲ P2 ಮನೆಯಲ್ಲಿ ಬಿದ್ದು ಮೂಲೆಯಿಂದ ಮೂಲೆಗೆ ಒಂದೇ ಗೆರೆಯಾದರೆ, ತಂಡ ಒಂದೇ ಪ್ರಶ್ನೆ ಕೇಳಿ ಎರಡು ಕಾಲಂ ತುಂಬುತ್ತಿದೆ. ಇನ್ನೊಂದು ಗುರುತು: ಕೋಡ್ ಬರೆಯುವವರು ಮೂವರಿದ್ದು P1 ಏಳಿದ್ದರೆ ಅದರಲ್ಲಿ ನಾಲ್ಕು ನಿಜಕ್ಕೂ P2. ಒಬ್ಬರ ಕೈಯಲ್ಲಿ ಒಂದು P1 ಮಾತ್ರ ಇರಲಿ.

ಹೊಸ ಸಂಗತಿ ತಿಳಿದರೆ ಮಾತ್ರ ತೀವ್ರತೆ ಬದಲಾಗುತ್ತದೆ. ಆದ್ಯತೆ ಕ್ಯಾಲೆಂಡರಿನ ಜೊತೆ ಬದಲಾಗುತ್ತದೆ. ಅದಕ್ಕೇ P3 ಬರೆಯುವಾಗಲೇ ಮತ್ತೆ ನೋಡುವ ತಾರೀಖನ್ನೂ ಟಿಕೆಟ್ಟಿನಲ್ಲಿ ಹಾಕಿಡಿ. ವಾರ್ಷಿಕ ವರದಿಯ ಟಿಕೆಟ್ಟಿಗೆ ಫೆಬ್ರವರಿ 1 ಎಂದು ಬರೆದಿಟ್ಟರೆ, ಆ ದಿನ ಅದು S2 ಆಗಿಯೇ ಉಳಿದು P1ಕ್ಕೆ ಏರುತ್ತದೆ. ರಿಪೇರಿಗೆ ಎರಡು ತಿಂಗಳು ಕೈಯಲ್ಲಿರುತ್ತದೆ.