ಲಾಭವಿದ್ದೂ ನಗದಿಲ್ಲ: ದಾಸ್ತಾನು ಏರಿಕೆಯನ್ನು ಓದುವ ಬಗೆ

ಕೊಕ್ಕರ್ಣೆ, ಬ್ರಹ್ಮಾವರ, ಕುಂದಾಪುರ ಭಾಗದ ಗೇರುಬೀಜ ಸಂಸ್ಕರಣಾ ಘಟಕಗಳಿಗೆ ಲೆಕ್ಕಪತ್ರದ ವರ್ಷ ಮಾರ್ಚ್ 31ಕ್ಕೆ ಮುಗಿಯುವುದೇ ಒಂದು ತೊಡಕು. ಊರಿನ ಕಚ್ಚಾ ಬೀಜ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ತಿಂಗಳವರೆಗೆ. ಹಲವು ತಿಂಗಳ ಕೆಲಸಕ್ಕೆ ಬೇಕಾದ ಬೀಜವನ್ನು ಈ ಅವಧಿಯಲ್ಲೇ ಕೊಂಡು, ಒಣಗಿಸಿ, ಚೀಲದಲ್ಲಿ ತುಂಬಿಡಬೇಕಾಗುತ್ತದೆ. ಹೀಗಾಗಿ ಖರೀದಿಯ ಭರಾಟೆಯ ನಡುವೆಯೇ ಲೆಕ್ಕ ಮುಕ್ತಾಯವಾಗುತ್ತದೆ. ಲಾಭ-ನಷ್ಟ ಖಾತೆ ಲಾಭವನ್ನು ತೋರಿಸುತ್ತದೆ; ಬ್ಯಾಂಕ್ ಪಾಸ್ ಪುಸ್ತಕ ಬರಿದಾಗಿರುತ್ತದೆ.

ಇದಕ್ಕೆ ಕಾರಣ ಲಾಭದ ಲೆಕ್ಕ ಹಾಕುವ ರೀತಿಯಲ್ಲೇ ಇದೆ. ಕೊಂಡ ಮಾಲಿನ ಪೂರ್ಣ ಬೆಲೆ ಆ ವರ್ಷದ ಖರ್ಚಾಗುವುದಿಲ್ಲ. ಬಳಕೆಯಾದ ಮಾಲಿನ ಬೆಲೆ ಮಾತ್ರ ಖರ್ಚಾಗುತ್ತದೆ. ಉಳಿದ ಮಾಲು ಮುಕ್ತಾಯದ ದಾಸ್ತಾನು ಎಂಬ ಹೆಸರಿನಲ್ಲಿ ಅಢಾವೆ ಪತ್ರಿಕೆಯ ಆಸ್ತಿಯ ಕಡೆಗೆ ಹೋಗುತ್ತದೆ. ಮಾಲು ಮಾರಾಟವಾಗುವವರೆಗೆ ಅದಕ್ಕೆ ತೆತ್ತ ಹಣ ಲಾಭದ ಲೆಕ್ಕಕ್ಕೆ ಬರುವುದೇ ಇಲ್ಲ.

ಒಂದು ಕಲ್ಪಿತ ಪಾಲುದಾರಿಕೆ ಘಟಕವನ್ನು ತೆಗೆದುಕೊಳ್ಳೋಣ. ಅದರ ಆರಂಭದ ದಾಸ್ತಾನು 20 ಲಕ್ಷ ರೂಪಾಯಿ, ವರ್ಷದ ಖರೀದಿ 120 ಲಕ್ಷ, ಮುಕ್ತಾಯದ ದಾಸ್ತಾನು 50 ಲಕ್ಷ. ಅಂದರೆ ಬಳಕೆಯಾದ ಬೀಜ 90 ಲಕ್ಷದ್ದು. ಮಾರಾಟ 120 ಲಕ್ಷ; ಕೂಲಿ, ವಿದ್ಯುತ್, ಸಾಗಣೆ ಸೇರಿ ಕೈಯಿಂದ ಹೋದ ಖರ್ಚು 17 ಲಕ್ಷ; ಯಂತ್ರಗಳ ಸವಕಳಿ 2 ಲಕ್ಷ. ತೆರಿಗೆಗೆ ಮುನ್ನ ಲಾಭ 11 ಲಕ್ಷ. ವರ್ಷದ ಕೊನೆಗೆ ಗ್ರಾಹಕರಿಂದ ಬರಬೇಕಾದ ಬಾಕಿ 5 ಲಕ್ಷ ಏರಿದೆ; ಬೀಜ ಪೂರೈಸಿದವರಿಗೆ ಕೊಡಬೇಕಾದ ಬಾಕಿ 6 ಲಕ್ಷ ಏರಿದೆ. ಸರಳತೆಗಾಗಿ ಬಡ್ಡಿಯನ್ನು ಬಿಟ್ಟಿದೆ.

ನಗದು ಹರಿವಿನ ಪಟ್ಟಿ ಲಾಭದಿಂದ ಆರಂಭವಾಗಿ ಹಿಂದಕ್ಕೆ ನಡೆಯುತ್ತದೆ. ಸವಕಳಿಗೆ ನಗದು ಹೋಗಿಲ್ಲವಾದ್ದರಿಂದ ಅದನ್ನು ಕೂಡಿಸಿದರೆ 13 ಲಕ್ಷ. ಮುಂದಿನ ಸಾಲು ‘ದಾಸ್ತಾನಿನಲ್ಲಿ ಏರಿಕೆ’: 30 ಲಕ್ಷ ಕಳೆಯಬೇಕು. ಅಲ್ಲಿಗೆ ಮೊತ್ತ ಋಣ 17 ಲಕ್ಷ. ಗ್ರಾಹಕರ ಬಾಕಿಯ 5 ಲಕ್ಷ ಕಳೆದು, ಪೂರೈಕೆದಾರರ 6 ಲಕ್ಷ ಕೂಡಿಸಿದರೆ ಋಣ 16 ಲಕ್ಷ. ಈ ಉತ್ತರವನ್ನು ನೇರವಾಗಿಯೂ ತಾಳೆ ನೋಡಬಹುದು. ಗ್ರಾಹಕರಿಂದ ಕೈಗೆ ಬಂದದ್ದು 115 ಲಕ್ಷ, ಬೀಜಕ್ಕೆ ಕೊಟ್ಟದ್ದು 114 ಲಕ್ಷ, ಇತರ ಖರ್ಚು 17 ಲಕ್ಷ. ಕೊರತೆ ಅದೇ 16 ಲಕ್ಷ.

ಆದರೆ ತೆರಿಗೆ ಈ ಕೊರತೆಯನ್ನು ನೋಡುವುದಿಲ್ಲ, ಲಾಭವನ್ನು ನೋಡುತ್ತದೆ. ತೆರಿಗೆಗೊಳಪಡುವ ಆದಾಯವೂ 11 ಲಕ್ಷವೇ ಎಂದಿಟ್ಟುಕೊಂಡರೆ, ಪಾಲುದಾರಿಕೆ ಸಂಸ್ಥೆಗೆ ಶೇಕಡಾ 30 ತೆರಿಗೆ ಮತ್ತು ಅದರ ಮೇಲೆ ಶೇಕಡಾ 4 ಸೆಸ್ ಸೇರಿ ಸುಮಾರು 3.43 ಲಕ್ಷ. ಮುಂಗಡ ತೆರಿಗೆಯ ಕಂತುಗಳಲ್ಲಿ ಇದು ಹೋದರೆ ಕೊರತೆ 19.43 ಲಕ್ಷಕ್ಕೇರುತ್ತದೆ.

ಇದನ್ನು ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ತುಂಬುವುದೆಂಬ ನಂಬಿಕೆ ಸಾಮಾನ್ಯ. ಹಣ ಪಾವತಿಯಾಗದ ಮಾಲಿಗೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ, 30 ಲಕ್ಷದಲ್ಲಿ ಪೂರೈಕೆದಾರರ 6 ಲಕ್ಷ ಕಳೆದು, ಉಳಿದ 24 ಲಕ್ಷಕ್ಕೆ ಶೇಕಡಾ 25 ಮಾರ್ಜಿನ್ ಹಿಡಿದರೆ ಡ್ರಾಯಿಂಗ್ ಪವರ್ ಏರುವುದು 18 ಲಕ್ಷ ಮಾತ್ರ. ಅದೂ ಮಂಜೂರಾದ ಮಿತಿಯೊಳಗೆ ಜಾಗವಿದ್ದರೆ. ಮಿತಿ ಹಳೆಯದೇ ಆಗಿದ್ದರೆ ಗೋದಾಮು ತುಂಬಿದ್ದರೂ ಒಂದು ರೂಪಾಯಿ ಹೆಚ್ಚು ಸಿಗದು.

ಲಾಭ ಚೆನ್ನಾಗಿ ಕಾಣಲೆಂದು ಕೆಲವರು ಮುಕ್ತಾಯದ ದಾಸ್ತಾನಿನ ಬೆಲೆಯನ್ನು ಏರಿಸಿ ಬರೆಯುವುದುಂಟು. ಇಲ್ಲಿ 50ರ ಬದಲು 55 ಲಕ್ಷ ಬರೆದರೆ ಲಾಭ 16 ಲಕ್ಷವಾಗುತ್ತದೆ. ದಾಸ್ತಾನು ಏರಿಕೆಯೂ 35 ಲಕ್ಷವಾಗುತ್ತದೆ. ವ್ಯವಹಾರದ ನಗದು ಋಣ 16 ಲಕ್ಷದಲ್ಲೇ ನಿಲ್ಲುತ್ತದೆ. ಬದಲಾಗುವುದು ತೆರಿಗೆ ಮಾತ್ರ. ಇಲ್ಲದ 5 ಲಕ್ಷದ ಲಾಭಕ್ಕೆ 1.56 ಲಕ್ಷ ನಿಜವಾದ ಹಣ ಕಟ್ಟಬೇಕಾಗುತ್ತದೆ. ಲಾಭ ಏರುತ್ತ, ನಗದು ಕುಸಿಯುತ್ತ ವರ್ಷಗಟ್ಟಲೆ ನಡೆದ ಲೆಕ್ಕಪತ್ರವನ್ನು ಅನುಭವಿ ಬ್ಯಾಂಕ್ ಅಧಿಕಾರಿ ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ಎಲ್ಲ ಏರಿಕೆಯೂ ಕೆಟ್ಟದ್ದಲ್ಲ. ಅದನ್ನು ಬಿಡಿಸಿ ನೋಡಬೇಕು. ಕಳೆದ ಮಾರ್ಚ್‌ನಲ್ಲಿ ಕ್ವಿಂಟಾಲಿಗೆ 10,000 ರೂಪಾಯಿಯಂತೆ 200 ಕ್ವಿಂಟಾಲ್, ಈ ಮಾರ್ಚ್‌ನಲ್ಲಿ 12,500ರಂತೆ 400 ಕ್ವಿಂಟಾಲ್ ಇದ್ದವೆಂದುಕೊಳ್ಳೋಣ. 30 ಲಕ್ಷದ ಏರಿಕೆಯಲ್ಲಿ 20 ಲಕ್ಷ ಹೆಚ್ಚುವರಿ ಬೀಜದ್ದು, 10 ಲಕ್ಷ ಬೆಲೆಯೇರಿಕೆಯದ್ದು. ಮೊದಲನೆಯದು ಖರೀದಿ ಬೇಗ ನಡೆದದ್ದರಿಂದ ಆಗಿದ್ದರೆ ಮಳೆಗಾಲದ ಕೆಲಸದೊಂದಿಗೆ ಕರಗಿ ನಗದಾಗಿ ಮರಳುತ್ತದೆ. ಎರಡನೆಯದು ಹಾಗಲ್ಲ: ಬೆಲೆ ಇಳಿಯದಿದ್ದರೆ ಮುಂದಿನ ವರ್ಷವೂ ಅಷ್ಟೇ ಚೀಲಗಳಿಗೆ ಅಷ್ಟು ಹೆಚ್ಚು ಹಣ ಗೋದಾಮಿನಲ್ಲೇ ಉಳಿಯುತ್ತದೆ. ಅದಕ್ಕೆ ಹಂಗಾಮಿನ ಸಾಲವಲ್ಲ, ಪಾಲುದಾರರ ಬಂಡವಾಳವೇ ತಕ್ಕದ್ದು.

ಬೀಜ ನಿಜವಾಗಿ ಕರಗಿತೇ ಎಂದು ತಿಳಿಯಲು ಮಾರ್ಚ್ ಅಂಕಿ ಸಾಲದು. ತಿಂಗಳಿಗೆ 7.5 ಲಕ್ಷದ ಬೀಜ ಬಳಸುವ ಈ ಘಟಕದಲ್ಲಿ 50 ಲಕ್ಷವೆಂದರೆ ಆರೂವರೆ ತಿಂಗಳಿಗೂ ಹೆಚ್ಚಿನ ಮಾಲು. ಹಂಗಾಮಿನ ಹೊತ್ತಿಗೆ ಅದು ಅಸಹಜವಲ್ಲ. ಹೊಸ ಬೆಳೆ ಬರುವ ಮುನ್ನ, ಜನವರಿ ಕೊನೆಯಲ್ಲಿ ಚೀಲಗಳನ್ನು ಎಣಿಸಬೇಕು. ಆಗಲೂ ಕಳೆದ ಹಂಗಾಮಿನ ಬೀಜ ಹಲವು ತಿಂಗಳಿಗಾಗುವಷ್ಟು ಉಳಿದಿದ್ದರೆ, ಅದು ಸಿಕ್ಕಿಹಾಕಿಕೊಂಡ ಹಣ. ಹುಳು ಹಿಡಿದ, ತಿರುಳು ಕುಗ್ಗಿದ ಬೀಜವನ್ನು ಕೊಂಡ ಬೆಲೆಗೇ ಮುಂದುವರಿಸದೆ, ಮಾರಿದರೆ ಬರಬಹುದಾದ ನಿವ್ವಳ ಬೆಲೆಗೆ ಇಳಿಸಿ ಬರೆಯಬೇಕು.

ಸಣ್ಣ ಪಾಲುದಾರಿಕೆ ಸಂಸ್ಥೆಗಳಿಗೆ ನಗದು ಹರಿವಿನ ಪಟ್ಟಿ ಕಡ್ಡಾಯವಲ್ಲ; 2013ರ ಕಂಪನಿ ಕಾಯಿದೆಯೂ ಸಣ್ಣ ಕಂಪನಿಗಳಿಗೆ ವಿನಾಯಿತಿ ನೀಡಿದೆ. ಆದ್ದರಿಂದ ಅನೇಕರ ಕಡತದಲ್ಲಿ ಅದು ಇರುವುದೇ ಇಲ್ಲ. ಎರಡು ವರ್ಷಗಳ ಅಢಾವೆ ಪತ್ರಿಕೆ ಮತ್ತು ಒಂದು ಲಾಭ-ನಷ್ಟ ಖಾತೆ ಮುಂದಿದ್ದರೆ ಮೇಲಿನ ಐದಾರು ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು. ಖರೀದಿಗೆ ಇಳಿಯುವ ಮುನ್ನ, ಫೆಬ್ರವರಿಯಲ್ಲಿ, ಅಂದಾಜು ಅಂಕಿಗಳಿಂದಲೇ ಇದನ್ನು ಮಾಡಿದರೆ ಬ್ಯಾಂಕಿನ ಮಿತಿ ಹೆಚ್ಚಿಸಲು ಅರ್ಜಿ ಹಾಕುವಷ್ಟು ಸಮಯವಾದರೂ ಕೈಯಲ್ಲಿರುತ್ತದೆ.